ಹಕ್ಕೆ ನ ಒತ್ತು

ಸಂಜೆ ಆರಕ್ಕೆ ಪಾರ್ಟಿ ಪ್ರೆಸ್ಸಿಗೆ ಬರಬೇಕು, 600 ಮದುವೆ ಕಾರ್ಡು. ಮೂರೂಮುಕ್ಕಾಲಿಗೆ ಒಳಹಾಳೆಗಳು ಕಟಿಂಗ್ ಮೆಷಿನ್ ಮುಂದೆ ಬಂದು ಕೂತಿದ್ದವು. ಒಂದು ಶೀಟಿಗೆ ನಾಲ್ಕರಂತೆ 150 ಶೀಟು, ಮರೂನ್ ಮಸಿ. ಮೇಲಿನದನ್ನು ಸುಮ್ಮನೆ ಎತ್ತಿ ನೋಡಿದೆ. ಮುಹೂರ್ತದ ಸಾಲಿನಲ್ಲಿ ‘ಮಧ್ಯಾನ್ಹ 12-20ಕ್ಕೆ’ ಅಂತಿತ್ತು.

ನ ಕೆಳಗೆ ಹ. ಇರಬೇಕಾದದ್ದು ಹ ಕೆಳಗೆ ನ.

ಮೊದಲ ಪ್ರೂಫಿನಲ್ಲಿ ಆ ಪದವೇ ಇರಲಿಲ್ಲ. ‘ಬೆಳಿಗ್ಗೆ 9-40’ ಇದ್ದದ್ದನ್ನು ಪಾರ್ಟಿ ಫೋನಿನಲ್ಲಿ ಬದಲಾಯಿಸಿದರು. ಕೀಬೋರ್ಡಿನಲ್ಲಿ f ಒತ್ತಕ್ಷರ ಕೂಡಿಸುವ ಕೀ, ಆಪರೇಟರ್ hfn ಒತ್ತುವ ಕಡೆ nfh ಒತ್ತಿದ. ಎರಡನೇ ಪ್ರೂಫಿನಲ್ಲಿ ನಾನು ನೋಡಿದ್ದು ಅಂಕಿಗಳನ್ನು ಮಾತ್ರ. ಗಂಟೆ ಸರಿ, ತಾರೀಕು ಸರಿ, ವಾರ ಸರಿ, ಸಹಿ ಹಾಕಿದೆ. ಹೊಸದಾಗಿ ಟೈಪಾದ ಪದವೇ ಎಲ್ಲಕ್ಕಿಂತ ಹಸಿ, ಅದನ್ನೇ ಬಿಟ್ಟಿದ್ದೆ. ಗಟ್ಟಿಯಾಗಿ ಓದಿದ್ದರೂ ಸಿಗುತ್ತಿರಲಿಲ್ಲ. ಬಾಯಲ್ಲಿ ನಾವೆಲ್ಲ ‘ಮಧ್ಯಾನ್ಹ’ ಅಂತಲೇ ಅನ್ನುವುದು, ತಪ್ಪು ಕಿವಿಗೆ ಸರಿಯಾಗೇ ಕೇಳುತ್ತದೆ. ಆಹ್ವಾನ, ಚಿಹ್ನೆ, ಬ್ರಹ್ಮ, ಎಲ್ಲದರಲ್ಲೂ ಇದೇ ಕಾಟ. ಹಕಾರ ಮುಂದಿನ ವ್ಯಂಜನವನ್ನು ದಾಟಿ ಅದರ ಆಚೆಗೆ ಜಾರಿಕೊಳ್ಳುತ್ತದೆ. ಇಂಥವನ್ನು ಹಿಡಿಯಬೇಕಾದರೆ ಓದುವುದನ್ನು ಬಿಟ್ಟು ‘ಹಕ್ಕೆ ನ ಒತ್ತು’ ಅಂತ ಮಗ್ಗಿ ಹೇಳಿದ ಹಾಗೆ ಬಿಡಿಸಿಕೊಂಡು ನೋಡಬೇಕು.

“ಯಾರ್ ಸಾರ್ ಅದನ್ನ ನೋಡ್ತಾರೆ?” ಅಂದ ಮೆಷಿನ್‌ಮ್ಯಾನ್. ಸ್ಟಿಕ್ಕರ್ ಹಚ್ಚೋಣ ಅಂದರು ಓನರು. ಮುಹೂರ್ತದ ಮೇಲೆ ಸ್ಟಿಕ್ಕರ್ ಕಂಡರೆ ಲಗ್ನ ಮುಂದಕ್ಕೆ ಹೋಗಿದೆ ಅಂತಲೇ ಜನ ತಿಳಿಯುತ್ತಾರೆ.

ಪುಣ್ಯಕ್ಕೆ ಫಾಯಿಲ್ ಹೊಡೆದ ಹೊರಕವಚ ಬೇರೆ, ಒಳಹಾಳೆ ಬೇರೆ. ಒಂದೇ ಬಣ್ಣ, ಒಂದೇ ಪ್ಲೇಟು. ಒಳಹಾಳೆಯ 150 ಶೀಟು ಮತ್ತೆ ಓಡಿಸುವುದು ಐದು ನಿಮಿಷದ ಕೆಲಸ. ಹೊತ್ತು ತಿನ್ನುವುದು ಅದರ ಹಿಂದುಮುಂದು. ಪ್ಲೇಟು ಹೊರಗಿನಿಂದ ಬರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಮೆಷಿನ್ನಿಗೆ ಕಪ್ಪು ಹಾಕಿಯಾಗಿತ್ತು, ರೋಲರ್ ತೊಳೆದು ಮತ್ತೆ ಮರೂನ್ ಹಿಡಿಸಬೇಕು. ಓಡಿ ಮುಗಿದಾಗ ಐದೂಕಾಲು.

ಆಮೇಲೆ ಒಣಗುವ ತಲೆನೋವು. ನುಣುಪಾದ ಆರ್ಟ್ ಪೇಪರ್ ಮಸಿಯನ್ನು ಬೇಗ ಹೀರಿಕೊಳ್ಳುವುದಿಲ್ಲ. ಹಸಿಯಾಗಿರುವಾಗಲೇ ಪೇರಿಸಿ ಕಟಿಂಗ್ ಮೆಷಿನ್ನಿನ ಒತ್ತಿಗೆ ಕೊಟ್ಟರೆ ಮೇಲಿನ ಶೀಟಿನ ಬೆನ್ನಿಗೆ ಅಕ್ಷರ ಅಂಟುತ್ತದೆ. ಪೌಡರ್ ಹೊಡೆದು, ಹತ್ತಿಪ್ಪತ್ತು ಶೀಟಿನ ಸಣ್ಣ ಸಣ್ಣ ಪೇರಿ ಮಾಡಿ ಹರಡಿದೆವು. ಬೆರಳಲ್ಲಿ ಉಜ್ಜಿದರೆ ಇನ್ನೂ ಬಣ್ಣ ಬರುತ್ತಿತ್ತು. ಆರೂವರೆಗೆ ಪಾರ್ಟಿಗೆ ಕೊಟ್ಟದ್ದು ನೂರೇ ಕಾರ್ಡು, ದೇವರ ಮುಂದೆ ಇಡೋಕೆ, ಹತ್ತಿರದವರನ್ನು ಕರೆಯೋಕೆ. ಉಳಿದದ್ದು ಮಾರನೇ ಬೆಳಿಗ್ಗೆ.

ಈಗ ತಿದ್ದುಪಡಿ ಬಂದರೆ ಹೊಸ ಪದ, ಅದರ ಆಚೀಚೆಯ ಎರಡು ಸಾಲು, ಎಲ್ಲದರ ಒತ್ತನ್ನೂ ಬೆರಳಿಟ್ಟು ನೋಡುತ್ತೇನೆ. ಫೋನಿನ ತಿದ್ದುಪಡಿಗೂ ಚೀಟಿ ಬರೆದುಕೊಡಿ ಅಂತ ಓನರಿಗೆ ಹೇಳಿ ಸಾಕಾಗಿದೆ. ಹಾಳಾದ ಶೀಟುಗಳನ್ನು ಅವರು ಎಸೆದಿಲ್ಲ. ನನ್ನ ಪ್ರೂಫು ಬರುವುದು ಅದರ ಬೆನ್ನ ಮೇಲೆಯೇ.