ಗೌರಿ ಪುಟ್ ಕಾಫ್

ಸಾಗರದಿಂದ ಅಜ್ಜಿಯ ಪತ್ರ ಬಂದಿದೆ. ಇಂಗ್ಲಿಷಿನಲ್ಲಿ! ಪಕ್ಕದ ಮನೆ ಹುಡುಗಿಯ ಹತ್ತಿರ ನಾಲ್ಕು ತಿಂಗಳಿಂದ ಕಲಿಯುತ್ತಿದ್ದಾಳಂತೆ. ಹಾಳೆಯೂ ನಾಲ್ಕು ಗೆರೆಯ ಕಾಪಿ ಪುಸ್ತಕದ್ದೇ.

ಶುರುವೇ ‘ಗೌರಿ ಪುಟ್ ಕಾಫ್’. ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು, ನಮ್ಮ ಗೌರಿ ಕರು ಹಾಕಿದೆ! ‘ದಿ’, ‘ಎ’ ಎಲ್ಲೂ ಇಲ್ಲ. ಕನ್ನಡದಲ್ಲಿ ಅವಿಲ್ಲದೆ ಎಪ್ಪತ್ತು ವರ್ಷ ಮಾತಾಡಿದವಳಿಗೆ ಈಗ್ಯಾಕೆ ಬೇಕು, ಅಲ್ವಾ?

ಮಧ್ಯದಲ್ಲಿ ‘ರೈನ್ ಈಸ್ ಕಮಿಂಗ್’. ಕೊನೆಯಲ್ಲಿ ‘ಯುವರ್ ಮೆಮೊರಿ ಈಸ್ ಕಮಿಂಗ್’. ಇಲ್ಲಿ ಎಲ್ಲರೂ ಸುಮ್ನೆ ‘ಮಿಸ್ ಯೂ’ ಅನ್ನುತ್ತಾರೆ. ಅಜ್ಜಿಗೆ ನಾನು ಮಳೆಯ ಹಾಗೆ ಬರುತ್ತೇನೆ.

ಕನ್ನಡದಲ್ಲಿ ಉತ್ತರ ಬರೆಯಲು ಕೂತೆ. ಆಗ ಅಂಚಿನ ಸಣ್ಣ ಅಕ್ಷರ ಕಂಡಿತು, ಅದೊಂದೇ ಕನ್ನಡದಲ್ಲಿ: ‘ಇಂಗ್ಲಿಷಿನಲ್ಲೇ ಬರಿ. ದೊಡ್ಡ ಅಕ್ಷರ ಮಾಡು.’