‘ಅಳೆಯ’ ಎಂದರೆ ಹಳೆಯ ಅಲ್ಲ

“ಅದು ತಪ್ಪು ಎಂದು ನಿಮಗೇ ಗೊತ್ತಿದೆಯಲ್ಲ, ಸರಿ ಮಾಡಿ ಟೈಪ್ ಮಾಡಲು ಏನು ಕಷ್ಟ?”

ಹಳೆಯ ಕಾಗದಗಳನ್ನು ಅವುಗಳ ತಪ್ಪುಗಳ ಸಮೇತ ಟೈಪ್ ಮಾಡುವ ನನ್ನನ್ನು ಹಲವರು ಕೇಳುವ ಪ್ರಶ್ನೆ ಇದು. ಏನೂ ಕಷ್ಟವಿಲ್ಲ. ಕಷ್ಟವಿರುವುದು ಸರಿ ಮಾಡದೆ ಬಿಡುವುದರಲ್ಲಿ. ಹಳೆಯ ಕಾಗದ ನೋಡಿಕೊಂಡು ಟೈಪ್ ಮಾಡುವಾಗ ಬೆರಳುಗಳು ತಮಗೆ ರೂಢಿಯಾದ ಕಾಗುಣಿತವನ್ನೇ ಒತ್ತುತ್ತವೆ. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಒತ್ತಬೇಕೆಂದರೆ ಅಕ್ಷರ ಅಕ್ಷರಕ್ಕೂ ನಿಂತು ನೋಡಬೇಕು. ನಾನು ಸೋಮಾರಿತನದಿಂದ ತಪ್ಪುಗಳನ್ನು ಬಿಟ್ಟಿದ್ದೇನೆ ಎಂದುಕೊಂಡವರಿಗೆ ಇಷ್ಟು ತಿಳಿದಿರಲಿ.

“ಪಾಪ, ಅಜ್ಜಿಯ ತಪ್ಪನ್ನು ಊರಿಗೆಲ್ಲ ತೋರಿಸಬೇಕೇ?” ಎನ್ನುವವರೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೂರನೆಯ ತರಗತಿಗೇ ಶಾಲೆ ಬಿಡಿಸಿದರೂ ಮಗಳಿಗೆ ವರ್ಷಗಟ್ಟಲೆ ತಾನೇ ಕೂತು ಕಾಗದ ಬರೆದ ಹೆಂಗಸಿನ ಬರಹದಲ್ಲಿ ಮುಚ್ಚಿಡುವಂಥದ್ದು ಏನಿದೆ?

ಆ ಹೆಂಗಸಿನ ಕಾಗದವನ್ನೇ ನಾನು ಒಮ್ಮೆ ಸರಿ ಮಾಡಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: “ಅಳೆಯ ಮನೆ ಮಾರಿ ಊರು ಬಿಟ್ಟ ಮೇಲೆ ನಿದ್ದೆ ಇಲ್ಲ.” ಹಳೇ ಮೈಸೂರಿನ ಕಡೆ ಹಾಲು ‘ಆಲು’ ಆಗುತ್ತದೆ, ಹಬ್ಬ ‘ಅಬ್ಬ’ ಆಗುತ್ತದೆ. ಇದೂ ಅಂಥದ್ದೇ ಎಂದುಕೊಂಡು ‘ಹಳೆಯ ಮನೆ’ ಎಂದು ಟೈಪ್ ಮಾಡಿ ಅವರ ಮನೆಯವರಿಗೆ ಕಳಿಸಿದೆ. ವಾಕ್ಯ ಎಲ್ಲೂ ತೊಡಕಲಿಲ್ಲ. ತಿಂಗಳ ಮೇಲೆ ಮೊಮ್ಮಗಳು ಫೋನ್ ಮಾಡಿದರು: “ನಮ್ಮ ಅಜ್ಜಿ ಊರು ಬಿಟ್ಟೇ ಇಲ್ಲವಲ್ಲ?”

ಕಾಗದಗಳ ಫೋಟೊ ನನ್ನ ಹತ್ತಿರ ಇತ್ತು, ಮತ್ತೆ ಮೊದಲಿನಿಂದ ಓದಿದೆ. ಹಾಲು, ಹಬ್ಬ, ಹುಣಸೆಹಣ್ಣು, ಯಾವುದರಲ್ಲೂ ಅವರು ಹಕಾರ ಬಿಟ್ಟಿರಲಿಲ್ಲ. ಆದರೆ ‘ತಿಳೆಯಿತು’ ಎಂದಿತ್ತು, ‘ಉಳೆದ ದುಡ್ಡು’ ಎಂದಿತ್ತು, ‘ಕಳೆಸು’ ಎಂದಿತ್ತು. ‘ಳಿ’ ಬರಬೇಕಾದಲ್ಲೆಲ್ಲ ಅವರು ‘ಳೆ’ ಬರೆಯುತ್ತಿದ್ದರು. ಅಂದ ಮೇಲೆ ‘ಅಳೆಯ’ ಎಂದರೆ ಅಳಿಯ. ಮನೆ ಮಾರಿ ಊರು ಬಿಟ್ಟವನು ಅಳಿಯ, ನಿದ್ದೆಗೆಟ್ಟವರು ಅತ್ತೆ.

ನನ್ನನ್ನು ಕಾಡಿದ್ದು ಆ ಒಂದು ಪದಕ್ಕಿಂತ ಹೆಚ್ಚಾಗಿ ಉಳಿದ ಮೂರು. ಅವನ್ನೂ ನಾನು ತಿಳಿಯಿತು, ಉಳಿದ, ಕಳಿಸು ಎಂದು ಸದ್ದಿಲ್ಲದೆ ತಿದ್ದಿಬಿಟ್ಟಿದ್ದೆ. ಆ ಪ್ರತಿಯನ್ನಷ್ಟೇ ಇಟ್ಟುಕೊಂಡು ಎಷ್ಟು ಹುಡುಕಿದರೂ ಅಳಿಯ ಸಿಗುತ್ತಿರಲಿಲ್ಲ. ಒಂದು ತಪ್ಪನ್ನು ಓದಲು ಬೇಕಾದ ಸಾಕ್ಷಿ ಇದ್ದದ್ದು ಮಿಕ್ಕ ತಪ್ಪುಗಳಲ್ಲಿ, ಆ ಸಾಕ್ಷಿಯನ್ನು ಅಳಿಸಿದ್ದವನು ನಾನು.

ತಪ್ಪು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನು. ಹಳೆಯ ಬರಹಗಳಲ್ಲಿ ‘ನಂಮ’, ‘ಅಂಣ’ ಎಂದಿದ್ದರೆ ಅದು ತಪ್ಪಲ್ಲ. ಅನುನಾಸಿಕದ ದ್ವಿತ್ವವನ್ನು ಸೊನ್ನೆಯಿಂದ ತೋರಿಸುವ ರೂಢಿ. ‘ಧರ್ಮ್ಮ’ ಎಂದು ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸುವುದೂ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ರೂಢಿಯೇ. ಇದನ್ನೂ ಕೈತಪ್ಪನ್ನೂ ಒಂದೇ ಎಂದು ತಿದ್ದಿದರೆ ಬರೆದವರು ಯಾವ ಕಾಲದವರು, ಎಲ್ಲಿ ಕಲಿತವರು ಎಂಬ ಸುಳಿವೂ ಹೋಗುತ್ತದೆ. ಪಠ್ಯಗಳನ್ನು ಗುರುತು ಹಾಕಿ ಇಡುವ ಟಿಇಐ ಪದ್ಧತಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಗುರುತುಗಳಿವೆ:

```
<choice><sic>ಅಳೆಯ</sic><corr>ಅಳಿಯ</corr></choice>
<choice><orig>ನಂಮ</orig><reg>ನಮ್ಮ</reg></choice>
```

ಮೊದಲನೆಯದು ತಪ್ಪಿಗೆ, ಎರಡನೆಯದು ಹಳೆಯ ರೂಢಿಗೆ. ಬರೆದದ್ದೂ ಉಳಿಯುತ್ತದೆ, ಇಂದಿನ ರೂಪವೂ ಜೊತೆಗಿರುತ್ತದೆ. ‘ಅಳಿಯ’ ಎಂದು ಹುಡುಕುವವರಿಗೆ ಆ ಸಾಲು ಸಿಗಬೇಕು ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿ ಮೂಲವನ್ನು ಅಳಿಸಬೇಕಾಗಿಲ್ಲ. ಇಷ್ಟೆಲ್ಲ ಬೇಡ ಎನ್ನುವವರು ಪದದ ಪಕ್ಕದಲ್ಲಿ ‘[ಮೂಲದಂತೆ]’ ಎಂದು ಬರೆದರೂ ಸಾಕು. ತಪ್ಪು ಕಾಗದದ್ದೋ ಟೈಪ್ ಮಾಡಿದವನದೋ ಎಂದು ಓದುವವರು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಪದಗಳ ನಡುವಿನ ಜಾಗದ ವಿಷಯದಲ್ಲಿ ಮಾತ್ರ ನಾನು ಇಷ್ಟು ಬಿಗಿಯಾಗಿಲ್ಲ. ಸಾಲಿನ ಕೊನೆಯಲ್ಲಿ ‘ಬರುವು’ ಎಂದು ನಿಂತು ಮುಂದಿನ ಸಾಲಿನಲ್ಲಿ ‘ದಿಲ್ಲ’ ಎಂದು ಶುರುವಾದರೆ ಅದು ಕಾಗದದ ಅಗಲ ಮಾಡಿದ ಕೆಲಸ. ಅದನ್ನು ಕೂಡಿಸುತ್ತೇನೆ, ಕೂಡಿಸಿದ್ದೇನೆ ಎಂದು ಕಡತದ ಮೊದಲಿಗೇ ಹೇಳುತ್ತೇನೆ. ಸಾಲಿನ ನಡುವೆ ‘ಅಲ್ಲಿ ಗೆ’ ಎಂದು ಬಿಡಿಸಿ ಬರೆದಿದ್ದರೆ ಹಾಗೆಯೇ ಬಿಡುತ್ತೇನೆ. ಪೋಸ್ಟ್‌ಕಾರ್ಡಿನ ಕೆಳಭಾಗಕ್ಕೆ ಬಂದಂತೆ ಅಕ್ಷರಗಳು ಚಿಕ್ಕದಾಗಿ ಪದಗಳೆಲ್ಲ ಅಂಟಿಕೊಳ್ಳುತ್ತವೆ. ಅಲ್ಲಿ ಇರುವುದು ಸಣ್ಣ ಜಾಗವೋ ಜಾಗವೇ ಇಲ್ಲವೋ ಎಂಬುದು ನನ್ನ ಕಣ್ಣಿನ ತೀರ್ಮಾನ. ಅಂಥ ಕಡೆ ಆ ಕಾರ್ಡಿನ ಫೋಟೊವನ್ನೂ ಜೊತೆಗೆ ಹಾಕುತ್ತೇನೆ, ನೋಡುವವರು ನೋಡಿಕೊಳ್ಳಲಿ.