ಪಂಚಾಂಗ ನೋಡಿ ಕಡಲಿಗಿಳಿದದ್ದು

ಅಡಿಕೆ ಕೊಯ್ಲು ಮುಗಿದ ಮೇಲೆ ನಾಲ್ಕು ದಿನ ಎಲ್ಲಾದರೂ ಕಡಲಿನ ಹತ್ತಿರ ಇರಬೇಕು ಅನ್ನೋದು ನನ್ನ ಹಠ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಮಲ್ಪೆ, ಅಲ್ಲಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಆದರೆ ಅದು ಅರ್ಧ ದಿನದ ಜಾಗ, ರಾತ್ರಿ ಉಳಿಯುವ ಹಾಗಿಲ್ಲ. ಮಗಳಿಗೆ ಈಜಬೇಕು, ನನಗೆ ಗದ್ದಲ ಬೇಡ. ಹಾಗಾಗಿ ಅಂಡಮಾನಿನ ನೀಲ್ ದ್ವೀಪವನ್ನು ಆರಿಸಿದೆವು. 2018ರಿಂದ ಅದರ ಹೆಸರು ಶಹೀದ್ ದ್ವೀಪ; ಊರಿನವರು ಈಗಲೂ ನೀಲ್ ಅಂತಲೇ ಕರೀತಾರೆ. ಫೆಬ್ರವರಿಯಲ್ಲಿ ಅಲ್ಲಿ ಮಳೆ ಕಡಿಮೆ, ಸಮುದ್ರ ಸಾಮಾನ್ಯವಾಗಿ ಶಾಂತ. ಇಷ್ಟು ತಿಳಿದುಕೊಂಡರೆ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ.

ನಾವು ಹಡಗಿಳಿದದ್ದು ಮಾಘ ಹುಣ್ಣಿಮೆಯ ಮರುದಿನ ಮಧ್ಯಾಹ್ನ. ಉಳಿದುಕೊಂಡ ಕಡೆ "ಭರತ್‌ಪುರ ಬೀಚ್‌ಗೆ ಯಾವಾಗ ಬೇಕಾದರೂ ಹೋಗಿ" ಅಂದರು. ಮೂರೂವರೆಗೆ ಹೋದರೆ ನೀರು ಮೊಣಕಾಲಿಗೂ ಬರುತ್ತಿಲ್ಲ. ಆಳ ಸಿಗಬಹುದೆಂದು ಬರಿಗಾಲಲ್ಲಿ ಮುಂದೆ ಮುಂದೆ ನಡೆದೆವು. ಮರಳು ಮುಗಿದು ಹವಳದ ಕಲ್ಲು ಶುರುವಾದದ್ದು ನನ್ನ ಗಮನಕ್ಕೆ ಬರಲೇ ಇಲ್ಲ. ಕಾಲು ಜಾರಿ ಪಾದದ ಅಡಿ ಸೀಳಿತು. ಗಾಯ ಚಿಕ್ಕದೇ, ಆದರೆ ಹವಳದ ಪುಡಿ ಒಳಗೆ ಉಳಿದರೆ ಕೀವಾಗುತ್ತದೆ. ಸಿಹಿನೀರು, ಸೋಪಿನಲ್ಲಿ ಚೆನ್ನಾಗಿ ತೊಳೆದರೂ ಮಾಯಲು ಎರಡು ವಾರ ಹಿಡಿಯಿತು. ಒಂದು ಜೊತೆ ರಬ್ಬರ್ ಶೂ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಯಾವಾಗ ಬೇಕಾದರೂ ಹೋಗಿ ಅಂದವರ ಮೇಲೆ ಇವತ್ತಿಗೂ ಸಿಟ್ಟಿದೆ.

ನನ್ನನ್ನು ಕೈಹಿಡಿದು ದಡಕ್ಕೆ ತಂದವರು ಗಾಜಿನ ತಳದ ದೋಣಿಯ ಒಬ್ಬ ಮುದುಕ. ಬಂಗಾಳಿ ಮನೆತನ, ನಮ್ಮ ಜೊತೆ ಹಿಂದಿ. ಬೈಯಲಿಲ್ಲ. ಕೇಳಿದ್ದು ಒಂದೇ: "ದೀದಿ, ಇವತ್ತು ತಿಥಿ ಯಾವುದು?"

ನನಗೆ ಆಶ್ಚರ್ಯ. "ನಿನ್ನೆ ಹುಣ್ಣಿಮೆ" ಅಂದೆ.

"ಹಾಗಾದರೆ ಮೂರೂವರೆಗೆ ಇಲ್ಲಿ ಯಾಕೆ ಬಂದಿರಿ?"

ಮರಳಲ್ಲಿ ಕೂತು ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಬೀಳುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಲ್ಲಿ ಎರಡರ ಅಂತರ ಹೆಚ್ಚುಕಡಿಮೆ ಎರಡು ಮೀಟರ್. ಆ ದಿನಗಳಲ್ಲಿ ನೀರು ತುಂಬುವುದು ಬೆಳಿಗ್ಗೆ ಹತ್ತರ ಸುಮಾರಿಗೆ, ಬರಿದಾಗುವುದು ನಾಲ್ಕರ ಸುಮಾರಿಗೆ. ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ ಮಧ್ಯಾಹ್ನದ ಮೇಲೆ ಬರುತ್ತದೆ, ಏರಿಳಿತವೂ ಚಿಕ್ಕದು, ಹವಳ ಅಷ್ಟಾಗಿ ಮೇಲೆ ಕಾಣಿಸಿಕೊಳ್ಳುವುದಿಲ್ಲ. ನಮ್ಮ ಮಾವ ದಿನಾ ಬೆಳಿಗ್ಗೆ ನೋಡುವ ಪಂಚಾಂಗದಲ್ಲೇ ಇದೆಲ್ಲ ಇತ್ತು! ತುಂಗೆಯಲ್ಲಿ ಈಜು ಕಲಿತವರಿಗೆ ನೀರು ಹರಿಯುವುದು ಒಂದೇ ದಿಕ್ಕಿಗೆ. ತಿಥಿಗೂ ನೀರಿನ ಆಳಕ್ಕೂ ಸಂಬಂಧ ಇದೆ ಅಂತ ನಮಗೆ ಹೊಳೆಯುವುದು ಹೇಗೆ?

"ನಾಳೆ ಬಿದಿಗೆ. ಹನ್ನೊಂದರ ಹೊತ್ತಿಗೆ ತುಂಬುತ್ತೆ. ಒಂಬತ್ತಕ್ಕೆ ಇಳಿಯಿರಿ. ತಿರುಗಿದ್ದು ಕಂಡರೆ ಎದ್ದುಬಿಡಿ" ಅಂದರು. ತಿರುಗಿದ್ದು ಗೊತ್ತಾಗುವುದು ಹೇಗೆ ಅಂದದ್ದಕ್ಕೆ ನೀರಿನಂಚಿನಲ್ಲಿ ಒಂದು ಕೋಲು ನೆಟ್ಟು ತೋರಿಸಿದರು. ನೀರು ಏರಿದ ಹಾಗೆ ಕೋಲನ್ನೂ ಅಂಚಿಗೆ ಸರಿಸುತ್ತಿರಬೇಕು; ಅದರ ಬುಡ ಒಣಗತೊಡಗಿದರೆ ನೀರು ವಾಪಸು ಹೊರಟಿದೆ. ಹವಳದ ದಿಬ್ಬದ ಮೇಲಿನ ನೀರೆಲ್ಲ ಆಗ ದೋಣಿ ಓಡಾಡುವ ಸಂದಿಯಲ್ಲೇ ಹೊರಗೆ ಹರಿಯುವುದರಿಂದ, ಆ ಕಡೆ ಈಜುವವರನ್ನೂ ಎಳೆದುಕೊಂಡು ಹೋಗುತ್ತದೆ.

ಮರುದಿನ ಒಂಬತ್ತಕ್ಕೆ ಕೋಲು ನೆಟ್ಟೆವು. ಅದೇ ಜಾಗದಲ್ಲಿ ನೀರು ಎದೆಮಟ್ಟ, ತಿಳಿ ಹಸಿರು. ನಾನು ಗಾಯ ಕಟ್ಟಿಕೊಂಡು, ಆಗಾಗ ಕೋಲನ್ನು ನೀರಿನಂಚಿಗೆ ಸರಿಸುತ್ತ ದಡದಲ್ಲಿ ಕೂತೆ; ಮಗಳು ಅಪ್ಪನ ಜೊತೆ ಎರಡು ಗಂಟೆ ಈಜಿದಳು. ಹನ್ನೊಂದೂಕಾಲಿಗೆ ಕೋಲಿನ ಬುಡದಲ್ಲಿ ಒದ್ದೆ ಮರಳು ಕಂಡಿತು, ಕೂಗಿ ಕರೆದೆ.

ಹತ್ತರ ಮೇಲೆ ಭರತ್‌ಪುರದಲ್ಲಿ ಜನ, ವಾಟರ್ ಸ್ಕೂಟರಿನ ಸದ್ದು, ನನಗೆ ಹಿಡಿಸಲಿಲ್ಲ. ಮೌನ ಸಿಕ್ಕಿದ್ದು ಸೀತಾಪುರದಲ್ಲಿ, ಬೆಳಗಿನ ಐದೂವರೆಗೆ. ಅಲ್ಲಿ ಅಲೆ ಜೋರು, ಹಾಗಾಗಿ ಇಳಿಯಲಿಲ್ಲ. ಲಕ್ಷ್ಮಣ್‌ಪುರದಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆಗೆ ಹೋಗಲು ಮಾತ್ರ ಇಳಿತವೇ ಬೇಕು. ಈಜಲಾಗದ ಆ ಇಳಿತದ ಹೊತ್ತು ಅದಕ್ಕೆ ಸರಿಹೋಯಿತು.

ನಾವು ಎರಡು ರಾತ್ರಿ ಇದ್ದೆವು, ಕಡಿಮೆಯಾಯಿತು. ಹಗಲಿನಲ್ಲಿ ಈಜುವ ಹೊತ್ತು ಸಿಗುವುದು ಒಂದೇ ಸಲ. ಬಂದ ದಿನ, ಹೋಗುವ ದಿನ ಕಳೆದರೆ ಉಳಿದದ್ದು ಒಂದೇ ಬೆಳಗು. ಮೂರು ರಾತ್ರಿ ಬೇಕು. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಹಾಗಾಗಿ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ, ಅಂದರೆ ಈಗಿನ ಶ್ರೀ ವಿಜಯಪುರಂನಲ್ಲೇ, ಇರಬೇಕು.

ಊರಿಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಕನ್ನಡಕ ಏರಿಸಿ ಪಂಚಾಂಗದ ಹಾಳೆ ತಿರುವಿದರು. "ಮುಂದಿನ ಸಲ ಷಷ್ಠಿಗೆ ಹೊರಡಿ. ನಾನೂ ಬರ್ತೀನಿ."